ಏಸಿ ರಿಮೋಟಿನಲ್ಲಿ ಸೆಲ್ ಕಕ್ಕಿ ಅಂಟಿಕೊಂಡಿದೆ: ತಿರುಗಿಸಬೇಕಾ, ನೆನೆಸಬೇಕಾ, ಬಿಚ್ಚಬೇಕಾ?

ತುಮಕೂರಿನಲ್ಲಿ ಜೂನ್ ತಿಂಗಳ ಮಳೆ ಹಿಡಿಯಿತೆಂದರೆ ಏಸಿ ಬಂದ್. ರಿಮೋಟ್ ಯಾವುದೋ ಡ್ರಾಯರ್ ಸೇರುತ್ತದೆ. ಮತ್ತೆ ಅದನ್ನು ಹುಡುಕುವುದು ಶಿವರಾತ್ರಿ ಕಳೆದು ಸೆಕೆ ಶುರುವಾದಾಗ. ಆದರೆ ಏಸಿ ರಿಮೋಟ್ ಡ್ರಾಯರ್ ಒಳಗೂ ಸುಮ್ನೆ ಇರುವುದಿಲ್ಲ. ಅದರ ಪುಟ್ಟ ಪರದೆ, ಅದರಲ್ಲಿ ಓಡುವ ಗಡಿಯಾರ ಸೆಲ್ಲಿನಿಂದ ಚೂರು ಚೂರೇ ಕರೆಂಟ್ ಎಳೆಯುತ್ತಲೇ ಇರುತ್ತವೆ. ಸೆಲ್ ಖಾಲಿಯಾದ ಮೇಲೂ ಈ ಎಳೆತ ನಿಲ್ಲುವುದಿಲ್ಲ. ಆಗ ಸೆಲ್ಲಿನೊಳಗೆ ಅನಿಲ ಹುಟ್ಟುತ್ತದೆ, ಒತ್ತಡ ಏರುತ್ತದೆ, ಸೀಲ್ ಬಿಡುತ್ತದೆ. ಒಳಗಿನ ರಸ ಸ್ಪ್ರಿಂಗ್ ಮೇಲೆ ಹರಿದು, ಗಾಳಿಗೆ ಒಣಗಿ, ಉಪ್ಪಿನ ಹೆಪ್ಪಿನ ಹಾಗೆ ಗಟ್ಟಿಯಾಗಿ ಕೂರುತ್ತದೆ.

ಈಗ ಸೆಲ್ ಹೊರಗೆ ಬರುವುದಿಲ್ಲ. ಎಲ್ಲರ ಕೈಯೂ ಮೊದಲು ಹೋಗುವುದು ಸ್ಕ್ರೂಡ್ರೈವರ್ ಕಡೆಗೆ. ದಯವಿಟ್ಟು ಅದನ್ನು ಅಲ್ಲೇ ಇಡಿ. ರಿಮೋಟ್ ಹಾಳಾಗುವುದು ಸೆಲ್ ಕಕ್ಕಿದ್ದರಿಂದ ಕಡಿಮೆ, ಅದನ್ನು ಮೀಟಿ ಎಬ್ಬಿಸಿದ್ದರಿಂದ ಜಾಸ್ತಿ. ಕಬ್ಬಿಣದ ಮೊನೆ ಸೆಲ್ಲಿನ ಮೈ ತೂತು ಮಾಡಬಹುದು, ಪ್ಲಾಸ್ಟಿಕ್ ಅಂಚು ಮುರಿಯಬಹುದು. ಎಲ್ಲಕ್ಕಿಂತ ಕೆಟ್ಟದ್ದು, ಸ್ಪ್ರಿಂಗ್ ಬುಡದ ಬೆಸುಗೆ ಒಳಗಿನ ಸರ್ಕ್ಯೂಟ್ ಬೋರ್ಡಿನ ತಾಮ್ರದ ಗೆರೆಯ ಸಮೇತ ಕಿತ್ತು ಬರಬಹುದು.

ಸೆಲ್ ತೆಗೆಯಲು ಮೂರು ದಾರಿಗಳಿವೆ. ಒಣಗಿದ ಹಾಗೆಯೇ ತಿರುಗಿಸಿ ಬಿಡಿಸುವುದು, ಹನಿ ಹಾಕಿ ನೆನೆಸುವುದು, ರಿಮೋಟನ್ನೇ ಬಿಚ್ಚುವುದು. ಯಾವ ದಾರಿ ಅನ್ನುವುದು ಎರಡು ವಿಷಯಗಳ ಮೇಲೆ ನಿಂತಿದೆ: ಕಕ್ಕಿರುವುದು ಯಾವ ಜಾತಿಯ ಸೆಲ್, ಅದು ಅಂಟಿರುವುದು ಯಾವ ತುದಿಯಲ್ಲಿ. ಕೈ ಹಾಕುವ ಮೊದಲು ಒಳ್ಳೆ ಬೆಳಕಿನಲ್ಲಿ ಇವೆರಡನ್ನೂ ನೋಡಿಕೊಳ್ಳಬೇಕು.

ಮೊದಲು ಜಾತಿ, ಆಮೇಲೆ ತುದಿ

ಅಂಗಡಿಯಲ್ಲಿ ಸಿಗುವ ಸಣ್ಣ ಸೆಲ್‌ಗಳಲ್ಲಿ ಹೆಚ್ಚಾಗಿ ಎರಡು ಬಗೆ. ಕಡಿಮೆ ಬೆಲೆಯದು ಜಿಂಕ್ ಕಾರ್ಬನ್. ಸ್ವಲ್ಪ ಜಾಸ್ತಿ ಬೆಲೆಯದು ಆಲ್ಕಲೈನ್. ಆಲ್ಕಲೈನ್ ಆಗಿದ್ದರೆ ಸೆಲ್ ಮೇಲೆ ಆ ಪದ ಸಾಮಾನ್ಯವಾಗಿ ದೊಡ್ಡದಾಗಿಯೇ ಇರುತ್ತದೆ. ಅಕ್ಷರ ಅಳಿಸಿ ಹೋಗಿದ್ದರೆ ಸಣ್ಣ ಅಕ್ಷರದ ನಂಬರ್ ಹುಡುಕಿ. ಏಸಿ ರಿಮೋಟಿಗೆ ಹಾಕುವ ಸಣ್ಣ ಸೆಲ್ ಆಲ್ಕಲೈನ್ ಆದರೆ ಎಲ್‌ಆರ್03, ಜಿಂಕ್ ಕಾರ್ಬನ್ ಆದರೆ ಬರೀ ಆರ್03. ಎಲ್ ಇದೆಯಾ ಇಲ್ಲವಾ, ಅಷ್ಟೇ ವ್ಯತ್ಯಾಸ.

ಇದನ್ನು ಯಾಕೆ ನೋಡಬೇಕು ಅಂದರೆ, ಇವೆರಡೂ ಕಕ್ಕುವ ರೀತಿಯೇ ಬೇರೆ. ಆಲ್ಕಲೈನ್ ಸೆಲ್ಲಿನ ಹೊರಮೈ ಉಕ್ಕಿನ ಡಬ್ಬಿ. ಅದರ ಸೀಲ್ ಇರುವುದು ಮೈನಸ್ ತುದಿಯಲ್ಲಿ, ಅಂದರೆ ಸ್ಪ್ರಿಂಗ್ ಒತ್ತುವ ಕಡೆ. ಹಾಗಾಗಿ ರಸ ಬಹುತೇಕ ಅಲ್ಲಿಂದಲೇ ಬರುತ್ತದೆ. ಆ ರಸ ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅಂದರೆ ತೀಕ್ಷ್ಣವಾದ ಕ್ಷಾರ. ಗಾಳಿಯ ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಬಿಳಿ ಪುಡಿಯಾಗಿ ಹೆಪ್ಪುಗಟ್ಟುತ್ತದೆ. ಸೆಲ್ಲಿನ ಮೈ ಚೊಕ್ಕಟವಾಗಿದ್ದು, ಸ್ಪ್ರಿಂಗ್ ಹತ್ತಿರ ಮಾತ್ರ ಬಿಳಿ ಬೂಷ್ಟು ಎದ್ದ ಹಾಗೆ ಕಂಡರೆ ಇದೇ.

ಜಿಂಕ್ ಕಾರ್ಬನ್‌ನಲ್ಲಿ ಸತುವಿನ ಡಬ್ಬಿಯೇ ಮೈನಸ್. ಸೆಲ್ ಖರ್ಚಾದಂತೆ ಡಬ್ಬಿ ಒಳಗಿನಿಂದ ಸವೆಯುತ್ತದೆ, ಕೊನೆಗೆ ಎಲ್ಲಿ ಬೇಕಾದರೂ ತೂತು ಬೀಳಬಹುದು. ಒಳಗಿನ ರಸ ಹುಳಿ ಗುಣದ್ದು. ಕಂದು ಬಣ್ಣದ ಜಿಗುಟು, ಹೊರ ಕವಚ ಉಬ್ಬಿರುವುದು, ಹೊಟ್ಟೆಯ ಭಾಗ ಪ್ಲಾಸ್ಟಿಕ್ಕಿಗೆ ಕಚ್ಚಿಕೊಂಡಿರುವುದು ಇದರ ಗುರುತು. ಆಲ್ಕಲೈನ್ ಒಂದು ತುದಿಗೆ ಅಂಟುತ್ತದೆ, ಇದು ಉದ್ದಕ್ಕೂ ಅಂಟುತ್ತದೆ.

ಇನ್ನು ತುದಿಯ ಮಾತು. ಎರಡು ಸೆಲ್ ಪಕ್ಕಪಕ್ಕ, ಉಲ್ಟಾ ಪಲ್ಟಾ ಕೂರುವ ರಿಮೋಟಿನಲ್ಲಿ ಒಂದು ಕೊನೆಯಲ್ಲಿ ಎರಡು ಸೆಲ್‌ಗೂ ಸೇರಿ ಒಂದೇ ತಗಡು ಇರುತ್ತದೆ. ಒಂದು ಪಕ್ಕ ಚಪ್ಪಟೆ, ಒಂದು ಪಕ್ಕ ಸ್ಪ್ರಿಂಗ್. ಇದನ್ನು ಸೇತುವೆ ತಗಡು ಅನ್ನೋಣ. ಇದಕ್ಕೆ ಸಾಮಾನ್ಯವಾಗಿ ಬೆಸುಗೆಯೇ ಇರುವುದಿಲ್ಲ, ಪ್ಲಾಸ್ಟಿಕ್ ಸೀಳಿನಲ್ಲಿ ಸುಮ್ನೆ ಸಿಕ್ಕಿಸಿರುತ್ತಾರೆ. ಇನ್ನೊಂದು ಕೊನೆಯಲ್ಲಿ ಬಿಡಿಬಿಡಿಯಾದ ಎರಡು ತುಂಡುಗಳು. ಇವು ಸೀಳಿನಲ್ಲಿ ತೂರಿ ಒಳಗೆ ಹೋಗಿ ಬೋರ್ಡಿಗೆ ತಾಗುತ್ತವೆ, ಬಹಳ ರಿಮೋಟ್‌ಗಳಲ್ಲಿ ಬೋರ್ಡಿಗೇ ಬೆಸೆದಿರುತ್ತವೆ.

ಕಕ್ಕಿದ ಸೆಲ್ಲಿನ ಮೈನಸ್ ಸೇತುವೆ ತಗಡಿನ ಕಡೆ ಇದ್ದರೆ ನಿಮ್ಮ ಅದೃಷ್ಟ. ಅದು ಕಿತ್ತು ಬಂದರೂ ಏನೂ ಆಗುವುದಿಲ್ಲ, ತೊಳೆದು ಮತ್ತೆ ಸಿಕ್ಕಿಸಬಹುದು. ಬೋರ್ಡ್ ಕಡೆ ಇದ್ದರೆ ಪ್ರತಿ ಎಳೆತವೂ ಬೆಸುಗೆಗೆ ಹೋಗಿ ತಾಗುತ್ತದೆ. ಅಲ್ಲಿ ನಿಧಾನವೇ ಗತಿ.

ಮೂರು ದಾರಿ

ಯಾವ ದಾರಿ ಹಿಡಿದರೂ ಶುರು ಒಂದೇ. ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ, ಕೆಳಗೆ ಹಳೇ ಪೇಪರ್. ಪುಡಿಯನ್ನು ಬಾಯಿಂದ ಊದಬೇಡಿ, ಅದು ನೇರ ಕಣ್ಣಿಗೇ ಬರುತ್ತದೆ. ಆಲ್ಕಲೈನ್ ರಸ ಬೆರಳಿಗೆ ತಾಗಿದರೆ ಸೋಪಿನ ಹಾಗೆ ಜಾರುತ್ತದೆ. ಚರ್ಮವನ್ನು ತಿನ್ನಲು ಶುರು ಮಾಡಿದೆ ಎಂದು ಅದರ ಅರ್ಥ, ತಕ್ಷಣ ನೀರಿನಲ್ಲಿ ತೊಳೆಯಿರಿ. ಕಣ್ಣಿಗೆ ಬಿದ್ದರೆ ಹರಿಯುವ ನೀರಿನಲ್ಲಿ ಕನಿಷ್ಠ ಕಾಲು ಗಂಟೆ ತೊಳೆದು ನೇರ ಆಸ್ಪತ್ರೆಗೆ ಹೋಗಬೇಕು.

ಆಮೇಲೆ ಅಂಟದೆ ಇರುವ ಇನ್ನೊಂದು ಸೆಲ್ ಮೊದಲು ತೆಗೆಯಿರಿ. ಇದರಿಂದ ಕರೆಂಟ್ ದಾರಿ ಕಡಿಯುತ್ತದೆ, ಪಕ್ಕದಲ್ಲಿ ಬೆರಳು ಆಡಲು ಜಾಗವೂ ಸಿಗುತ್ತದೆ. ರಿಮೋಟನ್ನು ಬೋರಲು ಹಿಡಿದು ಅಂಗೈಗೆ ಮೆಲ್ಲಗೆ ತಟ್ಟಿ, ಸಡಿಲ ಪುಡಿ ಪೇಪರ್ ಮೇಲೆ ಉದುರಲಿ.

*ತಿರುಗಿಸುವುದು.* ಆಲ್ಕಲೈನ್‌ಗೆ ಮೊದಲು ಇದನ್ನೇ ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ. ಒಣಗಿದ ಹೆಪ್ಪು ನೇರ ಎಳೆತಕ್ಕೆ ಜಗ್ಗುವುದಿಲ್ಲ, ಆದರೆ ತಿರುಚಿದರೆ ಪಟ್ಟನೆ ಬಿರುಕು ಬಿಡುತ್ತದೆ. ಸೈಕಲ್ ಟ್ಯೂಬಿನ ಒಂದು ಸಣ್ಣ ತುಂಡನ್ನು ಸೆಲ್ಲಿನ ಮೇಲೆ ಒತ್ತಿ ಹಿಡಿದು, ಸೆಲ್ಲನ್ನು ಇದ್ದ ಜಾಗದಲ್ಲೇ ಕೂದಲೆಳೆಯಷ್ಟು ಆಚೆ, ಕೂದಲೆಳೆಯಷ್ಟು ಈಚೆ ಹೊರಳಿಸಿ. ಎತ್ತಬೇಡಿ, ಹೊರಳಿಸಿ ಮಾತ್ರ. ಕರಕ್ ಅಂತ ಸಣ್ಣ ಸದ್ದು ಬಂದರೆ ಹೆಪ್ಪು ಒಡೆದಿದೆ. ಆಮೇಲೆ ಪ್ಲಸ್ ತುದಿಯ ಕೆಳಗೆ ಬಿದಿರಿನ ಕಡ್ಡಿಯನ್ನೋ ಹಳೇ ಟೂತ್‌ಬ್ರಷ್ಷಿನ ಹಿಡಿಯನ್ನೋ ಹಾಕಿ ಮೇಲಕ್ಕೆ ಎತ್ತಿದರೆ ಬರುತ್ತದೆ.

ಇಲ್ಲಿ ಕಣ್ಣಿಡಬೇಕಾದ್ದು ಸ್ಪ್ರಿಂಗ್ ಮೇಲೆ. ಸೆಲ್ ತಿರುಗಿ ಸ್ಪ್ರಿಂಗ್ ನಿಂತಲ್ಲೇ ನಿಂತರೆ ಸರಿ. ಸೆಲ್ ಜೊತೆ ಸ್ಪ್ರಿಂಗೂ ತಿರುಗುತ್ತಿದ್ದರೆ ಅಲ್ಲಿಗೇ ಕೈ ಬಿಡಿ. ಹೆಪ್ಪು ಸ್ಪ್ರಿಂಗಿಗಿಂತ ಗಟ್ಟಿ ಇದೆ. ಇನ್ನು ಬಲ ಹಾಕಿದರೆ ಬಿಡುವುದು ಹೆಪ್ಪಲ್ಲ, ಬೆಸುಗೆ.

ಜಿಂಕ್ ಕಾರ್ಬನ್‌ಗೆ ತಿರುಗಿಸುವುದು ಅಷ್ಟಾಗಿ ಒಗ್ಗುವುದಿಲ್ಲ. ಸವೆದ ಸತುವಿನ ಡಬ್ಬಿ ಕೈಯಲ್ಲೇ ಹಿಚುಕಿ ಹೋಗಿ ಕಪ್ಪು ಹಿಟ್ಟು ಹೊರಗೆ ಬರುತ್ತದೆ. ಅದಕ್ಕೆ ಬೇರೆ ಉಪಾಯ ಇದೆ. ಗಟ್ಟಿ ನೈಲಾನ್ ದಾರವನ್ನು ಸೆಲ್ಲಿನ ಕೆಳಗೆ ತೂರಿಸಿ, ಎರಡೂ ಕೊನೆ ಹಿಡಿದು ಗರಗಸದ ಹಾಗೆ ಆಚೀಚೆ ಎಳೆಯುತ್ತಾ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಸಾಗಿ. ಪ್ಲಾಸ್ಟಿಕ್ಕಿಗೆ ಕಚ್ಚಿದ ಜಿಗುಟು ಕಡಿದುಕೊಂಡು ಬರುತ್ತದೆ.

*ನೆನೆಸುವುದು.* ನಿಧಾನದ ದಾರಿ, ಆದರೆ ಬೋರ್ಡ್ ಕಡೆಯ ಸ್ಪ್ರಿಂಗ್ ಅಂಟಿದ್ದರೆ ನನ್ನ ಮತ ಇದಕ್ಕೇ. ಅಪಾಯ ಇರುವುದು ಹೆಪ್ಪು ಕರಗದೆ ಇರುವುದರಲ್ಲಿ ಅಲ್ಲ, ಹಾಕಿದ ದ್ರವ ಸೀಳಿನ ಮೂಲಕ ಬೋರ್ಡಿಗೆ ಇಳಿಯುವುದರಲ್ಲಿ. ಅದಕ್ಕೆ ಸುರಿಯಬಾರದು. ಚೂರು ಹತ್ತಿಯನ್ನು ಬತ್ತಿ ಹೊಸೆದು, ವಿನೆಗರ್‌ನಲ್ಲಿ ಅದ್ದಿ, ಹಿಂಡಿ, ಒದ್ದೆ ಇದೆ ಆದರೆ ತೊಟ್ಟಿಕ್ಕುವುದಿಲ್ಲ ಅನ್ನುವಷ್ಟು ಮಾಡಿಕೊಂಡು ಹೆಪ್ಪಿನ ಮೇಲೆ ಕೂರಿಸಿ. ರಿಮೋಟಿನ ಆ ತುದಿಯ ಕೆಳಗೆ ಒಂದು ಪುಸ್ತಕ ಕೊಟ್ಟು ಸ್ಪ್ರಿಂಗ್ ಇರುವ ಕಡೆ ಮೇಲಕ್ಕೆ ಎತ್ತಿಡಿ. ಹೆಚ್ಚಾದದ್ದು ಸೀಳಿಗೆ ಇಳಿಯದೆ ಸೆಲ್ ಕೂರುವ ಗುಂಡಿಯ ಕಡೆ ಹರಿಯುತ್ತದೆ. ಹತ್ತು ನಿಮಿಷ ಬಿಟ್ಟು ಬತ್ತಿ ತೆಗೆದು, ಒಣ ಟಿಶ್ಯೂನಿಂದ ಒತ್ತಿ, ಮತ್ತೆ ಹೊಸ ಬತ್ತಿ. ನಡುನಡುವೆ ತಿರುಗಿಸಿ ನೋಡುತ್ತಿರಬೇಕು.

*ಬಿಚ್ಚುವುದು.* ಎರಡೂ ನಡೆಯದಿದ್ದಾಗ ಮಾತ್ರ. ಏಸಿ ರಿಮೋಟನ್ನು ಟಿವಿ ರಿಮೋಟಿನ ಹಾಗೆ ಬಿಚ್ಚಲು ಹೋಗಬೇಡಿ, ಅದರಲ್ಲಿ ಪರದೆ ಇದೆ. ಪರದೆಯ ಗಾಜು ಬೋರ್ಡಿಗೆ ಬೆಸುಗೆಯಿಂದ ಸೇರಿರುವುದು ಅಪರೂಪ. ನಡುವೆ ಗೆರೆ ಗೆರೆಯ ರಬ್ಬರ್ ಪಟ್ಟಿ ಇರುತ್ತದೆ, ರಿಪೇರಿಯವರು ಜೀಬ್ರಾ ಪಟ್ಟಿ ಅನ್ನುತ್ತಾರೆ. ಒತ್ತಿ ಕೂರಿಸಿದ್ದರಿಂದ ಮಾತ್ರ ಅದು ಕೆಲಸ ಮಾಡುತ್ತದೆ. ಬೋರ್ಡಿನ ಸ್ಕ್ರೂ ತೆಗೆದು ಎತ್ತಿದಿರೋ, ಪಟ್ಟಿ ಅರ್ಧ ಕೂದಲು ಸರಿದರೂ 24 ಇದ್ದದ್ದು 21ರ ಹಾಗೆ ಕಾಣುತ್ತದೆ, ಅಂಕಿಗಳ ಕೈಕಾಲು ಮಾಯ. ಆದ್ದರಿಂದ ಹಿಂಬದಿಯ ಚಿಪ್ಪು ಮಾತ್ರ ತೆಗೆಯಿರಿ, ಬೋರ್ಡ್ ಅಲ್ಲಾಡಿಸಬೇಡಿ.

ಸ್ಕ್ರೂ ಎಲ್ಲಿದೆ ನೋಡಿ. ಕೆಲವದರಲ್ಲಿ ಅದು ಸೆಲ್ಲಿನ ಕೆಳಗೇ ಇರುತ್ತದೆ. ಅಂಟಿದ ಸೆಲ್ಲಿನ ಕೆಳಗೆ ಇದ್ದರೆ ಈ ದಾರಿ ಮುಚ್ಚಿತು ಅಂತಲೇ ಲೆಕ್ಕ, ಮತ್ತೆ ನೆನೆಸುವುದಕ್ಕೇ ಹೋಗಬೇಕು. ಸ್ಕ್ರೂ ಇಲ್ಲದಿದ್ದರೆ ಬರೀ ಲಾಕ್‌ಗಳು. ಅವಧಿ ಮುಗಿದ ಏಟಿಎಂ ಕಾರ್ಡನ್ನು ಸಂದಿಗೆ ತೂರಿಸಿ, ಸೆಲ್ ಇರುವ ತುದಿಯಿಂದ ಶುರು ಮಾಡಿ ಸುತ್ತ ಬನ್ನಿ. ಬಟನ್ ಬದಿ ಕೆಳಗಿರಲಿ, ಇಲ್ಲದಿದ್ದರೆ ರಬ್ಬರ್ ಬಟನ್ ಹಾಳೆ ಜಾರುತ್ತದೆ.

ಚಿಪ್ಪು ಎತ್ತುವಾಗ ಸ್ಪ್ರಿಂಗ್ ಬೋರ್ಡ್ ಕಡೆಯೂ ಸೆಲ್ ಕಡೆಯೂ ಜಗ್ಗಾಡುತ್ತಿದೆ ಅನ್ನಿಸಿದರೆ ಸ್ಪ್ರಿಂಗನ್ನೇ ಬಲಿ ಕೊಡಿ. ಸಣ್ಣ ಕಟರ್‌ನಿಂದ ಸೆಲ್ಲಿಗೆ ಹತ್ತಿರದ ಸುತ್ತಿನಲ್ಲಿ ಕತ್ತರಿಸಿ. ಸ್ಪ್ರಿಂಗ್ ಯಾವ ರಿಪೇರಿ ಅಂಗಡಿಯ ಗುಜರಿ ಡಬ್ಬದಲ್ಲೂ ಸಿಗುತ್ತದೆ. ಬೋರ್ಡಿನ ತಾಮ್ರದ ಗೆರೆ ಸಿಗುವುದಿಲ್ಲ.

ಯಾವ ದ್ರವ?

ಗೋಬಿ ಮಂಚೂರಿಗೆ ಹಾಕುವ ಬಿಳಿ ವಿನೆಗರ್ ಯಾವ ಪ್ರಾವಿಷನ್ ಸ್ಟೋರ್‌ನಲ್ಲೂ ಸಿಗುತ್ತದೆ. ಅದರಲ್ಲಿರುವುದು ಶೇಕಡಾ 4ರ ಆಸುಪಾಸಿನ ಹುಳಿ, ಉಳಿದದ್ದು ನೀರು. ಸಕ್ಕರೆ ಇಲ್ಲ, ಸಿಪ್ಪೆ ಇಲ್ಲ. ಆಲ್ಕಲೈನ್ ಹೆಪ್ಪಿನ ಮೇಲೆ ಹಾಕಿದರೆ ನೊರೆ ಬರುತ್ತದೆ. ಕ್ಷಾರಕ್ಕೂ ಹುಳಿಗೂ ಜಗಳ ನಡೆಯುತ್ತಿರುವ ಗುರುತು ಅದು. ನೊರೆ ನಿಂತರೆ ಆ ಪದರ ಮುಗಿಯಿತು ಎಂದು ತಿಳಿಯಿರಿ.

ನಿಂಬೆರಸವೂ ಇದೇ ಕೆಲಸ ಮಾಡುತ್ತದೆ. ಆದರೆ ಬಟ್ಟೆಯಲ್ಲಿ ಸೋಸಬೇಕು, ಕೊನೆಗೆ ಚೆನ್ನಾಗಿ ತೊಳೆಯಬೇಕು. ಇಲ್ಲದಿದ್ದರೆ ಸ್ಪ್ರಿಂಗ್ ಸುತ್ತುಗಳ ನಡುವೆ ಅಂಟು ಉಳಿದು ಧೂಳು ಹಿಡಿಯುತ್ತದೆ. ವಿನೆಗರ್ ಸಿಗದಿದ್ದರೆ ಮಾತ್ರ ಇದು.

ಹುಣಸೆಹಣ್ಣಿನ ವಿಷಯ ಹೇಳಲೇಬೇಕು, ಯಾಕೆಂದರೆ ನಮ್ಮ ಕಡೆ ಹುಣಸೆಗೆ ಬರವಿಲ್ಲ. ತಾಮ್ರದ ಚೊಂಬು ಬೆಳಗುತ್ತದೆ ಅಂದಮೇಲೆ ರಿಮೋಟ್ ಯಾಕೆ ಬೇಡ ಅಂತ ಮನೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಹುಳಿ ಅದರಲ್ಲೂ ಇದೆ, ನಿಜ. ಆದರೆ ಚೊಂಬನ್ನು ತೊಳೆಯಲು ಕೊಡಗಟ್ಟಲೆ ನೀರು ಹಾಕಬಹುದು, ರಿಮೋಟಿಗೆ ಹಾಕಲಾಗುವುದಿಲ್ಲ. ತಿರುಳು ಸೀಳಿನೊಳಗೆ ಹೋಗಿ ಕೂತರೆ ಬರುವುದಿಲ್ಲ. ಜೊತೆಗೆ ಉಪ್ಪು ಸೇರಿಸಿದ್ದರಂತೂ ಕೆಟ್ಟಿತು, ಉಪ್ಪು ಉಳಿದ ಕಡೆ ಕಬ್ಬಿಣಕ್ಕೆ ತುಕ್ಕು ಬೇಗ ಹಿಡಿಯುತ್ತದೆ.

ಜಿಂಕ್ ಕಾರ್ಬನ್ ಸೆಲ್ ಕಕ್ಕಿದ್ದು ಹುಳಿಯಾದ್ದರಿಂದ ಅದಕ್ಕೆ ಅಡುಗೆ ಸೋಡಾ. ಒಂದು ಚಮಚ ಸೋಡಾಕ್ಕೆ ಕೆಲವೇ ಹನಿ ನೀರು, ದೋಸೆ ಹಿಟ್ಟಿಗಿಂತ ಗಟ್ಟಿ. ಬಡ್ಸ್‌ನಲ್ಲಿ ಹಚ್ಚಿ, ನೊರೆ ನಿಂತ ಮೇಲೆ ಒರೆಸಿ. ಆದರೆ ಒಂದು ವಿಷಯ ಅನೇಕರಿಗೆ ಗೊತ್ತಿರುವುದಿಲ್ಲ. ಸೋಡಾ ಹುಳಿಯನ್ನು ಕೊಲ್ಲುತ್ತದೆ, ಗಟ್ಟಿಯಾದ ಹೆಪ್ಪನ್ನು ಕರಗಿಸುವುದಿಲ್ಲ. ಹಳೆಯದಾಗಿ ಕಲ್ಲಾದ ಸತುವಿನ ಹೆಪ್ಪು ಸೋಡಾ ಹಚ್ಚಿದ ಮೇಲೂ ಹಾಗೇ ಉಳಿದರೆ, ಸೋಡಾ ಒರೆಸಿ ತೆಗೆದು ಆಮೇಲೆ ವಿನೆಗರ್ ಬತ್ತಿ ಇಡಬಹುದು. ಎರಡನ್ನೂ ಒಟ್ಟಿಗೆ ಕಲಸಿ ಹಾಕುವುದು ಶುದ್ಧ ದಂಡ. ಒಂದನ್ನೊಂದು ಕೊಂದು ಬರೀ ಉಪ್ಪುನೀರು ಉಳಿಯುತ್ತದೆ, ನೊರೆ ಮಾತ್ರ ಜೋರು.

ಬಾತ್‌ರೂಮ್ ತೊಳೆಯುವ ಆಸಿಡ್ ಬೇಡವೇ ಬೇಡ. ಹೆಪ್ಪು ಕ್ಷಣದಲ್ಲಿ ಹೋಗುತ್ತದೆ, ಜೊತೆಗೆ ಸ್ಪ್ರಿಂಗ್ ಮೇಲಿನ ನಿಕ್ಕಲ್ ಲೇಪವೂ ಹೋಗುತ್ತದೆ. ತಿನ್ನರ್, ಪೆಟ್ರೋಲ್ ಪ್ಲಾಸ್ಟಿಕ್ಕನ್ನು ತಿನ್ನುತ್ತವೆ. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಸೆಲ್ ಜಾರಲು ಸ್ವಲ್ಪ ಸಹಾಯ ಮಾಡಬಹುದು, ಆದರೆ ಅದು ಈ ಉಪ್ಪನ್ನು ಕರಗಿಸುವುದಿಲ್ಲ, ಜೊತೆಗೆ ರಬ್ಬರ್ ಬಟನ್ ಹಾಳೆಯೊಳಗೆ ಎಣ್ಣೆ ಇಳಿಯುತ್ತದೆ.

ಕೊನೆಗೆ ತೊಳೆಯುವ ನೀರು. ಶಿರಾ, ಪಾವಗಡ ಕಡೆಯ ಬೋರ್‌ವೆಲ್ ನೀರು ನಲ್ಲಿಯ ಮೇಲೆ ಬಿಳಿ ಕಲೆ ಮಾಡುವುದನ್ನು ನೋಡಿದ್ದೀರಲ್ವಾ? ಅದೇ ನೀರಿನಲ್ಲಿ ಬಡ್ಸ್ ಅದ್ದಿ ಒರೆಸಿದರೆ ಒಣಗಿದ ಮೇಲೆ ಕಾಂಟ್ಯಾಕ್ಟ್ ಮೇಲೂ ಅದೇ ಬಿಳಿ ಪದರ. ಸೆಲ್ಲಿನ ಹೆಪ್ಪು ಇನ್ನೂ ಹೋಗಿಲ್ಲ ಅಂದುಕೊಂಡು ಮತ್ತೆ ಮತ್ತೆ ಉಜ್ಜುತ್ತಾ ಕೂರುತ್ತೀರಿ. ಶುದ್ಧ ನೀರಿನ ಘಟಕದಿಂದ ತಂದ ಕ್ಯಾನ್ ನೀರು ಬಳಸಿ. ಅದರ ಮೇಲೆ ಒಮ್ಮೆ ಐಸೋಪ್ರೊಪೈಲ್ ಆಲ್ಕೋಹಾಲ್, ಮೊಬೈಲ್ ರಿಪೇರಿಯವರ ಮಾತಿನಲ್ಲಿ ಐಪಿಎ. ಅದು ಉಳಿದ ತೇವವನ್ನು ಜೊತೆಗೆ ಎಳೆದುಕೊಂಡು ಆರಿಹೋಗುತ್ತದೆ.

ಎಸ್.ಎಸ್. ಪುರಂನ ಒಂದು ರಿಮೋಟ್

ಚಿಕ್ಕಪ್ಪನ ಮನೆಯ ಏಸಿ ರಿಮೋಟ್ ಇದಕ್ಕೆ ಒಳ್ಳೆ ಉದಾಹರಣೆ. ಒಳಗೆ ಎರಡು ಎಲ್‌ಆರ್03. ಒಂದು ಸಲೀಸಾಗಿ ಬಂತು. ಇನ್ನೊಂದರ ಮೈನಸ್ ತುದಿ ಬೋರ್ಡ್ ಕಡೆ, ಸ್ಪ್ರಿಂಗಿನ ಒಂದು ಸುತ್ತೂ ಕಾಣದ ಹಾಗೆ ಬಿಳಿ ಹೆಪ್ಪು.

"ಒಂದು ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಪ್ಪ, ಅದಕ್ಕೇನು ಇಷ್ಟು ಯೋಚನೆ" ಅಂದರು ಚಿಕ್ಕಪ್ಪ.

"ಚಿಕ್ಕಪ್ಪ, ಸ್ವಲ್ಪ ತಡೀರಿ. ಅದು ಆ ಕಡೆ ಬೋರ್ಡಿಗೆ ಬೆಸೆದಿದೆ. ಕಿತ್ತು ಬಂದ್ರೆ ರಿಮೋಟೇ ಹೋಯ್ತು."

ಟ್ಯೂಬ್ ತುಂಡು ಹಿಡಿದು ತಿರುಗಿಸಿದೆ. ಸೆಲ್ ಜೊತೆ ಸ್ಪ್ರಿಂಗೂ ಹೊರಳಿತು. ಅಲ್ಲಿಗೆ ಮೊದಲ ದಾರಿ ಮುಗಿಯಿತು. ರಿಮೋಟನ್ನು ಪುಸ್ತಕದ ಮೇಲೆ ಓರೆ ಇಟ್ಟು ವಿನೆಗರ್ ಬತ್ತಿ ಕೂರಿಸಿದೆ. ಸಣ್ಣಗೆ ನೊರೆ ಎದ್ದಿತು. ಕಾಫಿ ಕುಡಿದು ಬರುವಷ್ಟರಲ್ಲಿ ನಿಂತಿತ್ತು, ಮೇಲಿನ ಪದರ ಮೆತ್ತಗಾಗಿ ಕಡ್ಡಿಗೆ ಬಂತು. ಕೆಳಗಿನದು ಇನ್ನೂ ಗಟ್ಟಿ. ಮತ್ತೆ ಬತ್ತಿ, ಮತ್ತೆ ಟಿಶ್ಯೂ. ಸ್ಪ್ರಿಂಗಿನ ತುದಿಯ ಸುತ್ತು ಕಾಣುವಷ್ಟಾದ ಮೇಲೆ ತಿರುಗಿಸಿದಾಗ ಕರಕ್ ಅಂತು, ಸ್ಪ್ರಿಂಗ್ ಅಲ್ಲಾಡಲಿಲ್ಲ. ಪ್ಲಸ್ ಕಡೆಯಿಂದ ಎತ್ತಿದರೆ ಸೆಲ್ ಕೈಗೆ ಬಂತು.

ಸ್ಪ್ರಿಂಗ್ ಕೆಳಗಿನ ಎರಡು ಸುತ್ತು ಕಪ್ಪಾಗಿದ್ದವು, ತುಂಡಾಗಿರಲಿಲ್ಲ. ಟೂತ್‌ಬ್ರಷ್‌ಗೆ ಚೂರು ವಿನೆಗರ್ ಹಚ್ಚಿ ಉಜ್ಜಿ, ಕ್ಯಾನ್ ನೀರಿನ ಬಡ್ಸ್, ಆಮೇಲೆ ಐಪಿಎ, ಫ್ಯಾನ್ ಕೆಳಗೆ ಒಣಗಲು ಬಿಟ್ಟದ್ದಾಯಿತು. ಹೊಸ ಸೆಲ್ ಹಾಕಿದರೆ ಪರದೆ ಬಂತು. ಚಿಕ್ಕಪ್ಪ ಖುಷಿಯಾಗಿ ಆನ್ ಒತ್ತಿದರು. ಏಸಿ ಕೀಂ ಅನ್ನಲಿಲ್ಲ, ಪರದೆ ಒಂದು ಕ್ಷಣ ಮಂಕಾಯಿತು ಅಷ್ಟೇ.

ಈ ಲಕ್ಷಣ ನೆನಪಿಡಿ. ಪರದೆಗೆ ಬೇಕಾದ ಕರೆಂಟ್ ಲೆಕ್ಕಕ್ಕಿಲ್ಲದಷ್ಟು, ಕೆಟ್ಟ ಕಾಂಟ್ಯಾಕ್ಟ್ ಮೂಲಕವೂ ಅದು ಸಿಕ್ಕಿಬಿಡುತ್ತದೆ. ಬಟನ್ ಒತ್ತಿದಾಗ ಏಸಿಗೆ ಸುದ್ದಿ ಕಳಿಸುವ ಮುಂದಿನ ಎಲ್‌ಇಡಿ ಅದಕ್ಕಿಂತ ಸಾವಿರಾರು ಪಟ್ಟು ಕರೆಂಟನ್ನು ಚುಟುಕು ಚುಟುಕಾಗಿ ಎಳೆಯುತ್ತದೆ. ದಾರಿಯಲ್ಲಿ ಎಲ್ಲೋ ಕೊಳೆ ಅಡ್ಡ ಇದ್ದರೆ ವೋಲ್ಟೇಜ್ ಕುಸಿಯುತ್ತದೆ, ಪರದೆ ಮಂಕಾಗುತ್ತದೆ, ಏಸಿಗೆ ಸುದ್ದಿಯೇ ಹೋಗುವುದಿಲ್ಲ. ಅಂದರೆ ರಿಮೋಟ್ ಕೆಟ್ಟಿಲ್ಲ, ಕಾಂಟ್ಯಾಕ್ಟ್ ಇನ್ನೂ ಸರಿಯಾಗಿಲ್ಲ. ಮೊಬೈಲ್ ಸೆಲ್ಫಿ ಕ್ಯಾಮೆರಾ ಮುಂದೆ ಹಿಡಿದು ಬಟನ್ ಒತ್ತಿದರೆ ಬಹಳ ಫೋನ್‌ಗಳಲ್ಲಿ ಎಲ್‌ಇಡಿ ನೇರಳೆ ಬಣ್ಣದಲ್ಲಿ ಮಿನುಗುವುದು ಕಾಣುತ್ತದೆ. ನಮ್ಮದು ಕಂಡೂ ಕಾಣದ ಹಾಗೆ ಮಿನುಗುತ್ತಿತ್ತು.

ಮಲ್ಟಿಮೀಟರ್ ಇದ್ದರೆ ಜಾಗ ಹುಡುಕುವುದು ಇನ್ನೂ ಸುಲಭ. ಹೊಸ ಸೆಲ್ ಹಾಕಿ ಬೋರ್ಡ್ ಕಡೆಯ ಎರಡು ಕಾಂಟ್ಯಾಕ್ಟ್‌ಗಳ ನಡುವೆ ಹಿಡಿದರೆ 3 ವೋಲ್ಟ್ ಅಥವಾ ಸ್ವಲ್ಪ ಜಾಸ್ತಿ ತೋರಿಸಬೇಕು. ಬಟನ್ ಒತ್ತಿ ಹಿಡಿದಾಗ ಅಲ್ಲೇ ಬಿದ್ದುಹೋದರೆ ಕೊಳೆ ಸ್ಪ್ರಿಂಗ್ ತುದಿಯಲ್ಲೋ ಸೇತುವೆ ತಗಡಿನಲ್ಲೋ ಇದೆ. ಅಲ್ಲಿ ಗಟ್ಟಿಯಾಗಿ ನಿಂತು, ರಿಮೋಟ್ ಮಾತ್ರ ಕೆಲಸ ಮಾಡದಿದ್ದರೆ ತೊಂದರೆ ಸೀಳಿನ ಆಚೆ.

ನಮ್ಮದು ಎರಡನೆಯ ಬಗೆ. ಹಾಗಾಗಿ ಕೊನೆಗೂ ಬಿಚ್ಚಲೇಬೇಕಾಯಿತು. ಈಗ ಸೆಲ್ ಇಲ್ಲದ್ದರಿಂದ ಚಿಪ್ಪು ಸಲೀಸಾಗಿ ಬಂತು. ಸ್ಪ್ರಿಂಗ್ ಬಾಲ ಬೋರ್ಡಿಗೆ ಸೇರುವ ಬೆಸುಗೆಯ ಸುತ್ತ ಹಸಿರು ಕಿಲುಬು. ಕ್ಷಾರ ಲೋಹದ ಮೇಲೆ ತಾನಾಗಿ ತೆವಳಿಕೊಂಡು ಹೋಗುತ್ತದೆ, ಸೀಳು ದಾಟಿ ಅಲ್ಲಿಗೂ ತಲುಪಿತ್ತು. ವಿನೆಗರ್ ಬಡ್ಸ್‌ನ ತುದಿಯನ್ನು ಮಾತ್ರ ತಾಗಿಸಿ, ತಕ್ಷಣ ನೀರಿನ ಬಡ್ಸ್, ಆಮೇಲೆ ಐಪಿಎ. ಬಟನ್ ಕೆಳಗಿನ ಕಪ್ಪು ಗೆರೆಗಳ ಕಡೆ ಯಾವುದನ್ನೂ ಬಿಡಲಿಲ್ಲ, ಅವು ಇಂಗಾಲದ ಲೇಪ, ಉಜ್ಜಿದರೆ ಅಳಿಸಿ ಹೋಗುತ್ತವೆ. ಬೆಸುಗೆ ಚೆನ್ನಾಗಿ ಹಿಡಿಯಲೆಂದು ಅದಕ್ಕೆ ಫ್ಲಕ್ಸ್ ಹಚ್ಚಿ ಮತ್ತೊಮ್ಮೆ ಕಾಯಿಸಿ ಕರಗಿಸಿದ ಮೇಲೆ ಏಸಿ ಕೀಂ ಅಂತು.

"ಹುಣಸೆಹಣ್ಣು ಹಚ್ಚಿದ್ರೆ ಇಷ್ಟೊತ್ತಿಗೆ ಆಗೋಗ್ತಿತ್ತು" ಅಂದರು ಚಿಕ್ಕಮ್ಮ. ಅವರಿಗೆ ಈಗಲೂ ಅದೇ ನಂಬಿಕೆ.

ಸ್ಪ್ರಿಂಗ್ ಉಳಿಸಬೇಕಾ, ಬದಲಿಸಬೇಕಾ, ಹೊಸ ರಿಮೋಟಾ

ಸ್ಪ್ರಿಂಗ್ ಬಣ್ಣ ಮಂಕಾಗಿದ್ದು ಗಟ್ಟಿ ಇದ್ದರೆ ಪೆನ್ಸಿಲ್ ರಬ್ಬರ್‌ನಿಂದ ತುದಿ ಉಜ್ಜಿದರೆ ಸಾಕು. ಮರಳು ಕಾಗದವನ್ನು ಮೊದಲೇ ಹಿಡಿಯಬೇಡಿ. ಅದು ಉಳಿದಿರುವ ನಿಕ್ಕಲ್ ಲೇಪವನ್ನೂ ತೆಗೆದು ಉಕ್ಕನ್ನು ಬಯಲು ಮಾಡುತ್ತದೆ, ಮಳೆಗಾಲ ಮುಗಿಯುವಷ್ಟರಲ್ಲಿ ತುಕ್ಕು. ಕೆಂಪು ತುಕ್ಕು ಆಗಲೇ ಬಂದಿದ್ದರೆ ಬೇರೆ ಮಾತು, ಆಗ ಲೇಪ ಹೇಗೂ ಹೋಗಿದೆ. ಕಾಗದದಿಂದ ಉಜ್ಜಿ, ತುದಿಗೆ ತೆಳ್ಳಗೆ ವ್ಯಾಸಲೀನ್ ಸವರಿದರೆ ಸ್ವಲ್ಪ ಕಾಲ ತಡೆಯುತ್ತದೆ.

ಒತ್ತಿದರೆ ಮತ್ತೆ ಪುಟಿಯದ ಸ್ಪ್ರಿಂಗನ್ನು ಬದಲಿಸುವುದೇ ಸರಿ. ಅಲ್ಯುಮಿನಿಯಂ ಫಾಯಿಲ್ ಮಡಚಿ ಸಂದಿಗೆ ಸಿಕ್ಕಿಸುವುದನ್ನು ಬಹಳ ಜನ ಮಾಡುತ್ತಾರೆ. ಅವತ್ತಿನ ಮಟ್ಟಿಗೆ ಕೆಲಸ ಆಗುತ್ತದೆ, ಆದರೆ ಫಾಯಿಲ್ ಜರುಗಿ ಪಕ್ಕದ ತಗಡಿಗೆ ತಾಗಿದರೆ ಶಾರ್ಟ್. ಕ್ಷಾರದ ತೇವ ಉಳಿದಿದ್ದರೆ ಅಲ್ಯುಮಿನಿಯಂ ಅದರಲ್ಲಿ ಕರಗುತ್ತದೆ ಬೇರೆ.

ಸಾಲ್ಡ್ರಿಂಗ್ ಬಾರದವರು ಸೆಲ್ ತೆಗೆದು ಒರೆಸುವವರೆಗೆ ಮನೆಯಲ್ಲಿ ಮಾಡಿ, ಉಳಿದದ್ದನ್ನು ರಿಪೇರಿ ಅಂಗಡಿಗೆ ಕೊಡಬಹುದು. ಕೊಡುವಾಗ "ಸ್ಪ್ರಿಂಗ್ ಬದಲಿಸಿ, ಒಳಗಡೆ ಬೆಸುಗೆಯಲ್ಲಿ ಕಿಲುಬು ಇದೆಯಾ ನೋಡಿ" ಅಂತ ಬಿಡಿಸಿ ಹೇಳಿ. ಬರೀ "ರಿಮೋಟ್ ಕೆಟ್ಟಿದೆ" ಅಂದರೆ ಹೊಸದು ತಗೊಳ್ಳಿ ಅನ್ನುವುದು ಅವರಿಗೂ ಸುಲಭ.

ಟಿವಿ, ಸೆಟ್ ಟಾಪ್ ಬಾಕ್ಸ್ ರಿಮೋಟ್ ಆದರೆ ನಾನು ತಿರುಗಿಸಿ ನೋಡುತ್ತೇನೆ, ಒಂದೆರಡು ಬತ್ತಿ ಇಡುತ್ತೇನೆ, ಅದರಾಚೆ ಹೋಗುವುದಿಲ್ಲ. ಬದಲಿ ರಿಮೋಟ್ ಅಗ್ಗಕ್ಕೆ ಸಿಗುತ್ತದೆ, ಅದೇ ಬಟನ್‌ಗಳು ಇರುತ್ತವೆ. ಏಸಿಗೆ ಹಾಗಲ್ಲ. ಎಲ್ಲಾ ಏಸಿಗೂ ಆಗುವ ಸಾರ್ವತ್ರಿಕ ರಿಮೋಟ್‌ಗಳಲ್ಲಿ ಆನ್, ಆಫ್, ತಾಪಮಾನ, ಫ್ಯಾನ್ ಬರುತ್ತದೆ, ಆದರೆ ನಿಮ್ಮ ಮಾಡೆಲ್ಲಿನ ವಿಶೇಷ ಬಟನ್‌ಗಳು ಎಷ್ಟೋ ಸಲ ಬರುವುದಿಲ್ಲ. ಅದೇ ಮಾಡೆಲ್ ರಿಮೋಟ್ ಬೇಕೆಂದರೆ ಹಳೆಯದರ ಹಿಂದೆಯೋ ಸೆಲ್ ಗುಂಡಿಯೊಳಗೋ ಅಂಟಿಸಿರುವ ನಂಬರ್ ಬೇಕು. ವಿನೆಗರ್ ಹಾಕುವ ಮೊದಲೇ ಆ ಚೀಟಿಯ ಫೋಟೋ ತೆಗೆದಿಟ್ಟುಕೊಳ್ಳಿ, ಒದ್ದೆಯಾದರೆ ಅಕ್ಷರ ಮೊದಲು ಹೋಗುವುದು ಅದರದ್ದೇ.

ಕಕ್ಕಿದ ಸೆಲ್ಲನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಗಂಟು ಕಟ್ಟಿ, ಹಸಿ ಕಸಕ್ಕೆ ಸೇರಿಸದೆ ಬೇರೆಯಾಗಿ ಕೊಡಿ. ಒಲೆಗೆ ಹಾಕಬೇಡಿ, ಸಿಡಿಯುತ್ತದೆ. ಅದರ ಜೊತೆ ಹಾಕಿದ್ದ ಇನ್ನೊಂದು ಸೆಲ್ ನೋಡಲು ಚೆನ್ನಾಗಿದ್ದರೂ ಮತ್ತೆ ಬಳಸಬೇಡಿ. ಅದೂ ಅಷ್ಟೇ ಖಾಲಿಯಾಗಿರುತ್ತದೆ. ಹೊಸದರ ಜೊತೆ ಸೇರಿಸಿದರೆ ಹೊಸದು ಅದನ್ನು ಇನ್ನಷ್ಟು ಬರಿದು ಮಾಡುತ್ತದೆ, ಮುಂದೆ ಕಕ್ಕುವುದು ಅದೇ.